ಪ್ಯಾನೆಲ್ಲಿನ ಬೆನ್ನಿಗೆ ಬೀಳುವ ಬಿಸಿಲು

ಇಲ್ಲಿ ಸ್ಯಾನ್ ಹೋಸೆಯಲ್ಲಿ ಸಣ್ಣದೊಂದು ಗೋದಾಮು ಇಟ್ಟುಕೊಂಡಿರುವ ನಮ್ಮೂರ ಕಡೆಯ ಹಿರಿಯರೊಬ್ಬರಿದ್ದಾರೆ. ಅವರಿಗೆ ಛಾವಣಿ ಮೇಲೆ 40 ಕಿಲೋವ್ಯಾಟ್ ಸೋಲಾರ್ ಹಾಕಿಸುವ ಯೋಚನೆ. ಬಂದಿದ್ದ ಕೊಟೇಶನ್ನನ್ನು ನನಗೆ ಕಳಿಸಿ, "ನೀನು ಅದೇ ಸಾಫ್ಟ್‌ವೇರ್ ಬರೆಯೋನಲ್ವೇನಪ್ಪಾ, ಇದು ನಿಜಾನಾ ನೋಡಿ ಹೇಳು" ಅಂದರು. ಅವರು ಗೆರೆ ಎಳೆದಿದ್ದ ಸಾಲು ಇಷ್ಟೇ: ಬೈಫೇಶಿಯಲ್ ಪ್ಯಾನೆಲ್ಲು, ಹಿಂಬದಿಯಿಂದ ಶೇ. 25 ಹೆಚ್ಚುವರಿ ವಿದ್ಯುತ್ತು.

ಬೈಫೇಶಿಯಲ್ ಅಂದರೆ ಎರಡು ಮುಖದ ಪ್ಯಾನೆಲ್ಲು. ಹಿಂದೆ ಬಿಳಿ ಪ್ಲಾಸ್ಟಿಕ್ ಹಾಳೆಯ ಬದಲು ಗಾಜು ಅಥವಾ ಪಾರದರ್ಶಕ ಹಾಳೆ ಇರುತ್ತೆ, ಹಾಗಾಗಿ ಬೆನ್ನಿಗೆ ಬಿದ್ದ ಬೆಳಕೂ ಕರೆಂಟ್ ಆಗುತ್ತೆ. ಬೆನ್ನು ಮುಖದಷ್ಟು ಚುರುಕಲ್ಲ. ಈಗ ಹೆಚ್ಚಾಗಿ ಸಿಗುವ ಟಾಪ್‌ಕಾನ್ ಪ್ಯಾನೆಲ್ಲುಗಳಲ್ಲಿ ಅದು ಮುಖದ ಸುಮಾರು ಶೇ. 80ರಷ್ಟು ಕೆಲಸ ಮಾಡುತ್ತೆ, ಅದಕ್ಕಿಂತ ಹಿಂದಿನ ಪರ್ಕ್ ಪ್ಯಾನೆಲ್ಲುಗಳಲ್ಲಿ ಸುಮಾರು ಶೇ. 70.

ಹಾಗಾದ್ರೆ ಆ 25 ಎಲ್ಲಿಂದ ಬಂತು? ಪ್ಯಾನೆಲ್ಲಿನ ಡೇಟಾಶೀಟ್ ತೆಗೆದು ನೋಡಿದೆ. ಅದರಲ್ಲಿ ಒಂದು ಪಟ್ಟಿ ಇರುತ್ತೆ: ಹಿಂಬದಿ ಲಾಭ ಶೇ. 5 ಆದರೆ ಇಷ್ಟು ವ್ಯಾಟ್, 15 ಆದರೆ ಇಷ್ಟು, 25 ಆದರೆ ಇಷ್ಟು ಅಂತ. "ಆದರೆ" ಅನ್ನೋ ಪದ ಗಮನಿಸಿ. ಅದು ಭರವಸೆ ಅಲ್ಲ, ಬರೀ ಗುಣಾಕಾರದ ಪಟ್ಟಿ. ಕೊಟೇಶನ್ ಬರೆದವರು ಕೊನೆಯ ಕಾಲಮ್ಮನ್ನು ಎತ್ತಿ ಹಾಕಿದ್ದರು. ನಿಮ್ಮ ಛಾವಣಿಗೆ ಯಾವ ಕಾಲಮ್ಮು ಅನ್ವಯಿಸುತ್ತೆ ಅನ್ನೋದನ್ನ ಪ್ಯಾನೆಲ್ಲು ಹೇಳಲಾರದು, ಛಾವಣಿಯೇ ಹೇಳಬೇಕು.

ಈಗ ಸಮತಟ್ಟಾದ ಛಾವಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ಯಾನೆಲ್ಲುಗಳ ಸಾಲು, ನಡುವೆ ಸಂದು, ಮತ್ತೆ ಸಾಲು, ಮತ್ತೆ ಸಂದು. ಬೆನ್ನಿಗೆ ಬರುವ ಬೆಳಕೆಲ್ಲ ಮೊದಲು ಈ ಸಂದುಗಳಲ್ಲಿ ಇಳಿದು ನೆಲ ಮುಟ್ಟಬೇಕು, ಅಲ್ಲಿಂದ ಪುಟಿದು ಮೇಲೆ ಬರಬೇಕು. ನಮ್ಮ ಹಿರಿಯರ ಪ್ಲಾನಿನಲ್ಲಿ ಪ್ಯಾನೆಲ್ಲುಗಳು ಬರೀ 5 ಡಿಗ್ರಿ ಓರೆ, ಅಂದರೆ ಹೆಚ್ಚು-ಕಮ್ಮಿ ಮಲಗಿದ ಹಾಗೆ. ಸಾಲಿನ ಅಗಲ 1.12 ಮೀಟರ್, ಸಂದು 48 ಸೆಂ.ಮೀ. ಛಾವಣಿಯ ಶೇ. 70 ಭಾಗವನ್ನು ಪ್ಯಾನೆಲ್ಲು ಮುಚ್ಚಿದೆ, ಉಳಿದ 30ರಲ್ಲಿ ಮಾತ್ರ ಬೆಳಕು ಕೆಳಗಿಳಿಯುತ್ತೆ.

ಇಲ್ಲೇ ಒಂದು ಗರಿಷ್ಠ ಮಿತಿ ಸಿಕ್ಕಿತು. ನೆಲ ಕನ್ನಡಿಯಷ್ಟು ಬೆಳ್ಳಗಿರಲಿ, ಪ್ಯಾನೆಲ್ಲನ್ನು ಎಷ್ಟೇ ಎತ್ತರಕ್ಕೆ ಏರಿಸಲಿ, ಬೆನ್ನಿಗೆ ಸಿಗುವ ಬೆಳಕು ಮುಖಕ್ಕೆ ಸಿಗುವುದರ ಶೇ. 30 ದಾಟುವುದು ಕಷ್ಟ. ಬೆನ್ನಿನ ಚುರುಕು 0.8 ಅಂತ ಗುಣಿಸಿದರೆ 24. ಅಂದರೆ ಕೊಟೇಶನ್ನಿನ 25 ಆ ಜಾಗದಲ್ಲಿ ಕನ್ನಡಿ ಹಾಸಿದರೂ ಬರುವ ಹಾಗಿಲ್ಲ! ಸಂದು ದೊಡ್ಡದು ಮಾಡಿದರೆ ಮಿತಿ ಏರುತ್ತೆ ನಿಜ, ಆದರೆ ಅದೇ ಛಾವಣಿಯಲ್ಲಿ ಕೂರುವ ಪ್ಯಾನೆಲ್ಲು ಕಮ್ಮಿಯಾಗುತ್ತೆ.

ಇನ್ನು ಎತ್ತರದ ವಿಷಯ. ಸಂದಿನಲ್ಲಿ ಇಳಿದ ಬೆಳಕು ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಚೆದುರುತ್ತೆ. ಪ್ಯಾನೆಲ್ಲು ನೆಲಕ್ಕೆ ಅಂಟಿಕೊಂಡ ಹಾಗೆ ಇದ್ದರೆ ಆ ಬೆಳಕಿಗೆ ನೆತ್ತಿಯ ಮೇಲೆ ಕಾಣುವುದು ತಾನು ಬಂದ ಸಂದೇ, ಬಂದ ದಾರಿಯಲ್ಲೇ ವಾಪಸ್ ಹೋಗಿಬಿಡುತ್ತೆ. ಪ್ಯಾನೆಲ್ಲನ್ನು ಮೇಲೇರಿಸಿದಷ್ಟೂ ಆ ಸಂದು ಕಿರಿದಾಗಿ ಕಾಣುತ್ತೆ, ಅಕ್ಕಪಕ್ಕದ ಪ್ಯಾನೆಲ್ಲಿನ ಬೆನ್ನು ಅಗಲವಾಗಿ ಕಾಣುತ್ತೆ. ಸೂರ್ಯ ನೆತ್ತಿ ಮೇಲಿದ್ದಾನೆ ಅಂತ ಇಟ್ಟುಕೊಂಡರೆ, ಹೀಗೆ ತಪ್ಪಿಸಿಕೊಂಡು ಹೋಗುವ ಪಾಲನ್ನು ಒಂದೇ ಸಾಲಿನಲ್ಲಿ ಲೆಕ್ಕ ಹಾಕಬಹುದು. h ಅಂದರೆ ಎತ್ತರ, g ಅಂದರೆ ಸಂದು:

```
F = sqrt(1 + (h/g)^2) - h/g
```

ಅವರ ಕೊಟೇಶನ್ನಿನಲ್ಲಿ ಎತ್ತರ 15 ಸೆಂ.ಮೀ. ಲೆಕ್ಕ ಹಾಕಿದರೆ F ಸುಮಾರು 0.74. ಅಂದರೆ ಪುಟಿದ ಬೆಳಕಿನ ಮುಕ್ಕಾಲು ಪಾಲು ಆಕಾಶಕ್ಕೆ ಹೋಯಿತು. ಎತ್ತರ 50 ಸೆಂ.ಮೀ. ಮಾಡಿದರೆ F 0.40ಕ್ಕೆ ಇಳಿಯುತ್ತೆ. ಪಕ್ಕದ ಸಂದುಗಳಿಂದ ಸೋರುವ ಚೂರುಪಾರು ಸೇರಿಸಿದರೂ ಅರ್ಧಕ್ಕಿಂತ ಹೆಚ್ಚು ಬೆಳಕು ಪ್ಯಾನೆಲ್ಲಿಗೇ ಬೀಳುತ್ತೆ. ಒಂದು ಮೀಟರಿಗೆ ಏರಿಸುವ ಹೊತ್ತಿಗೆ ಆಟ ಮುಗಿದ ಹಾಗೆ, ಅದರ ಮೇಲೆ ಏರಿಸಿದರೂ ಹೆಚ್ಚೇನೂ ಸಿಗದು. ಸಂದಿನ ಅಗಲಕ್ಕೆ ಸಮನಾದ ಎತ್ತರದ ತನಕ ಒಳ್ಳೆ ಲಾಭ, ಅದರ ಎರಡರಷ್ಟು ದಾಟಿದ ಮೇಲೆ ಬರೀ ಕಬ್ಬಿಣದ ಖರ್ಚು ಅಂತ ನೆನಪಿಟ್ಟುಕೊಳ್ಳಿ.

ಕೊನೆಯದು ನೆಲದ ಬಣ್ಣ. ಬಿದ್ದ ಬಿಸಿಲಿನಲ್ಲಿ ನೆಲ ವಾಪಸ್ ಕೊಡುವ ಪಾಲಿಗೆ ಆಲ್ಬಿಡೋ ಅಂತಾರೆ. ಕಪ್ಪು ಡಾಂಬರು ಹಾಳೆಯ ಛಾವಣಿಗೆ 0.1ರ ಆಸುಪಾಸು. ಇಲ್ಲಿ ಗೋದಾಮುಗಳಿಗೆ ಹಾಕುವ ಬಿಳಿ ಟಿಪಿಒ ಹಾಳೆ ಹೊಸದರಲ್ಲಿ 0.8ರ ಹತ್ತಿರ ಇರುತ್ತೆ, ಕೆಲವು ವರ್ಷ ಬಿಸಿಲು ಧೂಳು ಕಂಡ ಮೇಲೆ 0.65ಕ್ಕೋ ಎಲ್ಲಿಗೋ ಬಂದು ನಿಲ್ಲುತ್ತೆ. ಲೆಕ್ಕಕ್ಕೆ ಯಾವಾಗಲೂ ಹಳೆಯದಾದ ಮೇಲಿನ ಅಂಕಿ ಹಿಡಿಯಬೇಕು, ಪ್ಯಾನೆಲ್ಲು ಇಪ್ಪತ್ತೈದು ವರ್ಷ ಅಲ್ಲೇ ಕೂತಿರುತ್ತೆ ನೋಡಿ.

ನಮ್ಮ ಹಿರಿಯರ ಛಾವಣಿ ಕಪ್ಪು. ಅವರ ಮುಂದಿದ್ದ ದಾರಿಗಳಿಗೆ ಹಿಂಬದಿ ಲಾಭದ ಲೆಕ್ಕ ಹೀಗೆ ಬಂತು:

ಕಪ್ಪು ಛಾವಣಿ, 15 ಸೆಂ.ಮೀ.: ಶೇ. 1
ಕಪ್ಪು ಛಾವಣಿ, 50 ಸೆಂ.ಮೀ.: ಶೇ. 2
ಬಿಳಿ ಛಾವಣಿ, 15 ಸೆಂ.ಮೀ.: ಶೇ. 6
ಬಿಳಿ ಛಾವಣಿ, 30 ಸೆಂ.ಮೀ.: ಶೇ. 10
ಬಿಳಿ ಛಾವಣಿ, 50 ಸೆಂ.ಮೀ.: ಶೇ. 13

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ. ಎತ್ತರ ಮತ್ತು ಬಣ್ಣ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಅದೇ 35 ಸೆಂ.ಮೀ. ಎತ್ತರಕ್ಕೆ ಕಪ್ಪು ಛಾವಣಿಯಲ್ಲಿ ಶೇ. 1 ಸಿಕ್ಕರೆ ಬಿಳಿಯಲ್ಲಿ 7 ಸಿಗುತ್ತೆ. ಕೊಟೇಶನ್ ಕೊಟ್ಟವರು "ಇನ್ನಷ್ಟು ಲಾಭ ಬೇಕಾದರೆ ಎತ್ತರಿಸಿ ಕೊಡ್ತೀವಿ" ಅಂತ ಪ್ರತ್ಯೇಕ ದರ ಹಾಕಿದ್ದರು. ಕಪ್ಪು ಛಾವಣಿ ಹಾಗೇ ಬಿಟ್ಟು ಆ ದುಡ್ಡು ಕೊಟ್ಟಿದ್ದರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ.

40 ಕಿಲೋವ್ಯಾಟ್ ಇಲ್ಲಿ ವರ್ಷಕ್ಕೆ ಹೆಚ್ಚು-ಕಮ್ಮಿ 58,000 ಯೂನಿಟ್ ಕೊಡುತ್ತೆ, ಹಾಗಾಗಿ ಶೇ. 1 ಅಂದರೆ 580 ಯೂನಿಟ್. ಕೊಟೇಶನ್ನಿನ ಪ್ರಕಾರ ಹಿಂಬದಿಯಿಂದ 14,500 ಬರಬೇಕಿತ್ತು, ಇದ್ದ ಹಾಗೇ ಕಟ್ಟಿದ್ದರೆ 600 ಬರುತ್ತಿರಲಿಲ್ಲ. ಸಾಲದ ಕಂತನ್ನು ಅವರು ಈ 14,500ರ ಮೇಲೆ ಲೆಕ್ಕ ಹಾಕಿದ್ದರು ಅನ್ನೋದೇ ನನಗೆ ಗಾಬರಿ ತಂದಿದ್ದು.

ಹಾಗಾದ್ರೆ ಎಲ್ಲರೂ ಎತ್ತರಕ್ಕೇ ಯಾಕೆ ಹಾಕಲ್ಲ? ಗಾಳಿ. ಇಲ್ಲಿ ಛಾವಣಿಗೆ ತೂತು ಕೊರೆಯದೆ, ಕಾಂಕ್ರೀಟ್ ಇಟ್ಟಿಗೆಗಳ ಭಾರದಲ್ಲೇ ಪ್ಯಾನೆಲ್ಲು ನಿಲ್ಲಿಸುವುದು ರೂಢಿ. ಎತ್ತರಿಸಿದಷ್ಟೂ ಗಾಳಿ ಕೆಳಗೆ ನುಗ್ಗಿ ಎತ್ತುತ್ತೆ, ಇಟ್ಟಿಗೆ ಹೆಚ್ಚಬೇಕು, ಆ ತೂಕ ಹೊರುವ ಶಕ್ತಿ ಛಾವಣಿಗಿರಬೇಕು. ಇಲ್ಲವೇ ಕಂಬಗಳನ್ನು ಛಾವಣಿಗೆ ಬೋಲ್ಟ್ ಮಾಡಬೇಕು, ಪ್ರತಿ ಬೋಲ್ಟೂ ಮಳೆ ಸೋರಲು ಒಂದು ಅವಕಾಶ. ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ 30 ಸೆಂ.ಮೀ. ತನಕ ಪರವಾಗಿಲ್ಲ ಅಂದರು. ಹೇಗೂ ಛಾವಣಿಯ ಹಾಳೆ ನಾಲ್ಕೈದು ವರ್ಷದಲ್ಲಿ ಬದಲಾಯಿಸಲೇಬೇಕಿತ್ತು, ಅದನ್ನು ಈಗಲೇ ಬಿಳಿಯದಾಗಿ ಹಾಕಿಸಿ 30 ಸೆಂ.ಮೀ.ಗೆ ಕೂರಿಸುವುದು ಅಂತ ತೀರ್ಮಾನವಾಯಿತು. ಕಂತಿನ ಲೆಕ್ಕಕ್ಕೆ 10 ಬೇಡ, 8 ಹಿಡಿಯಿರಿ ಅಂದೆ. ಯಾಕಂದ್ರೆ ಕೆಳಗಿನ ಕಂಬಿ, ಇಟ್ಟಿಗೆ, ವೈರುಗಳೂ ಬೆಳಕು ತಿನ್ನುತ್ತವೆ. ಜೊತೆಗೆ ತಗ್ಗಿನಲ್ಲಿರುವ ಪ್ಯಾನೆಲ್ಲಿನ ಬೆನ್ನು ಅಂಚಿನಲ್ಲಿ ಬೆಳಗಿ ನಡುವೆ ಕತ್ತಲಾಗಿರುತ್ತೆ, ಸರಣಿಯಲ್ಲಿ ಜೋಡಿಸಿದ ಸೆಲ್ಲುಗಳಲ್ಲಿ ಕರೆಂಟನ್ನು ಹಿಡಿದು ನಿಲ್ಲಿಸುವುದು ಅತಿ ಮಬ್ಬಾದದ್ದೇ. ಗಾಳಿ ತಡೆಯಲು ಹಿಂದುಗಡೆ ತಗಡು ಮುಚ್ಚುವ ಸ್ಟ್ಯಾಂಡುಗಳೂ ಇವೆ. ಅಂಥದ್ದಾದರೆ ಎರಡು ಮುಖದ ಪ್ಯಾನೆಲ್ಲಿಗೆ ದುಡ್ಡು ಕೊಡುವುದೇ ದಂಡ.

ಊರಲ್ಲಿ ಮನೆ ತಾರಸಿಗೆ ಹಾಕಿಸುವವರ ಲೆಕ್ಕ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಬಟ್ಟೆ ಒಣಗಿಸಲು, ಓಡಾಡಲು ಜಾಗ ಬಿಟ್ಟು ಆಳೆತ್ತರದ ಕಬ್ಬಿಣದ ಚಪ್ಪರದ ಮೇಲೆ ಪ್ಯಾನೆಲ್ಲು ಕೂರಿಸುತ್ತಾರೆ. ಎತ್ತರ ಪುಕ್ಕಟೆ ಸಿಕ್ಕ ಹಾಗಾಯಿತು. ಆದರೆ ಪ್ಯಾನೆಲ್ಲುಗಳ ನಡುವೆ ಸಂದೇ ಇರುವುದಿಲ್ಲ, ಬೆಳಕು ಸುತ್ತಲಿಂದ ಮಾತ್ರ ಬರಬೇಕು. 4 ಮೀಟರ್ ಅಗಲದ ಉದ್ದನೆಯ ಚಪ್ಪರ, ಎರಡೂ ಪಕ್ಕ 3 ಮೀಟರ್ ಬಯಲು ತಾರಸಿ, ಸಿಮೆಂಟ್ ನೆಲದ ಆಲ್ಬಿಡೋ 0.3 ಅಂತ ಹಿಡಿದರೆ, ನಡುಮಧ್ಯಾಹ್ನ 2.5 ಮೀಟರ್ ಎತ್ತರದಲ್ಲಿ ಶೇ. 8, ಒಂದೇ ಮೀಟರ್ ಆದರೆ ಶೇ. 5. ನೆಲಕ್ಕೆ ಬಿಳಿ ಕೂಲ್‌ರೂಫ್ ಬಣ್ಣ ಬಳಿದು 0.65 ಮಾಡಿದರೆ ಅವು 17 ಮತ್ತು 10 ಆಗುತ್ತವೆ. ಬಣ್ಣ ಬಳಿಯಬೇಕಾದ್ದು ಚಪ್ಪರದ ಅಡಿಗಲ್ಲ, ಬಿಸಿಲು ಬೀಳುವ ಆ ಪಕ್ಕದ ಜಾಗಕ್ಕೆ. ಮಳೆಗಾಲ ಕಳೆದು ಪಾಚಿ ಕಟ್ಟಿ ನೆಲ ಕಪ್ಪಾಗಿದ್ದರೆ ಉಜ್ಜಿ ತೊಳೆಯದೆ ಈ ಅಂಕಿಗಳು ಸಿಗಲ್ಲ.

ಹಾಕಿಸಿ ಆದ ಮೇಲೆ ಹಿಂಬದಿ ಲಾಭ ನಿಜಕ್ಕೂ ಬರುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಂದೊಂದು ಪ್ಯಾನೆಲ್ಲಿನ ಉತ್ಪಾದನೆ ಬೇರೆಬೇರೆ ತೋರಿಸುವ ಮೈಕ್ರೋ ಇನ್ವರ್ಟರ್ ಇದ್ದರೆ ಸುಲಭ. ಸಾಲಿನ ನಡುವಿನಿಂದ ಎರಡು ಪ್ಯಾನೆಲ್ಲು ಆರಿಸಿ (ತುದಿಯವಕ್ಕೆ ಪಕ್ಕದ ಬೆಳಕು ಜಾಸ್ತಿ, ಅವು ಬೇಡ), ನಾಲ್ಕೈದು ದಿನ ಎರಡರ ಯೂನಿಟ್ ಬರೆದಿಡಿ, ಅವುಗಳ ನಡುವಿನ ಸಹಜ ವ್ಯತ್ಯಾಸ ಗೊತ್ತಾಗುತ್ತೆ. ಆಮೇಲೆ ಒಂದರ ಬೆನ್ನಿಗೆ ಬೆಳಕು ತೂರದ ಕಪ್ಪು ಹಾಳೆ ಕಟ್ಟಿ. ಹಾಳೆ ಗಾಜಿಗೆ ಅಂಟದೆ ನಡುವೆ ಗಾಳಿ ಆಡುವ ಹಾಗಿರಲಿ, ಇಲ್ಲದಿದ್ದರೆ ಪ್ಯಾನೆಲ್ಲು ಕಾದು ಅದರಿಂದಲೇ ಉತ್ಪಾದನೆ ಕುಸಿದು ಲೆಕ್ಕ ಕೆಡುತ್ತೆ. ಮತ್ತೆ ನಾಲ್ಕೈದು ಬಿಸಿಲಿನ ದಿನ ಬರೆದಿಡಿ. ಹೊಸದಾಗಿ ಕಂಡ ವ್ಯತ್ಯಾಸವೇ ನಿಮ್ಮ ಹಿಂಬದಿ ಲಾಭ. ಮಧ್ಯಾಹ್ನದ ಗ್ರಾಫ್ ಎರಡಕ್ಕೂ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿ ನಿಂತಿದ್ದರೆ ನೆಲದ ಬಣ್ಣ ಬದಲಿಸಲು ಹೋಗಬೇಡಿ. ಅಲ್ಲಿ ಇನ್ವರ್ಟರ್ ಚಿಕ್ಕದಾಗಿದೆ, ಬೆನ್ನಿನಿಂದ ಬಂದದ್ದನ್ನು ಅದೇ ಕತ್ತರಿಸಿ ಬಿಸಾಡುತ್ತಿದೆ ಅಂತ ಅರ್ಥ.