ಬಾಗಿಲಿನ ಬೇವಿನ ಸೊಪ್ಪು ಮತ್ತು ಹತ್ತು ದಿನಗಳ ರಜೆ

ಕರ್ನಾಟಕದ ಹಳ್ಳಿಗಳಲ್ಲಿ ಮಗುವಿಗೆ ಸೀತಾಳೆ ಸಿಡುಬು ಎದ್ದರೆ 'ಅಮ್ಮ ಬಂದಿದ್ದಾಳೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಅದರಲ್ಲಿ ಭಕ್ತಿಯ ಜೊತೆಗೆ ನೆರೆಹೊರೆಗೆ ತಿಳಿಯುವ ಸೂಚನೆಯೂ ಇತ್ತು. ನ್ಯೂಜಿಲೆಂಡಿನ ಕನ್ನಡ ಮನೆಗಳಲ್ಲಿ ಆ ಕೆಲಸ ಈಗ ಬೆಳಿಗ್ಗೆ ಡೇಕೇರಿಗೆ ಕಳಿಸುವ ಸಂದೇಶದ್ದು. ಅದು ಬಹಳ ಸಲ 'ಮಗುವಿಗೆ ಹುಷಾರಿಲ್ಲ, ಕೆಲವು ದಿನ ಬರುವುದಿಲ್ಲ' ಎಂಬಲ್ಲಿಗೇ ನಿಂತುಬಿಡುತ್ತದೆ.

ಇಷ್ಟು ಸಾಲದು. ದಡಾರವಾದರೆ ವೈದ್ಯರು ಸಾರ್ವಜನಿಕ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು. ಸೀತಾಳೆ ಸಿಡುಬಿಗೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಹೆತ್ತವರು ಹೇಳದಿದ್ದರೆ ಕೇಂದ್ರಕ್ಕೆ ಹೇಳುವವರು ಯಾರೂ ಇಲ್ಲ. ಮಂಗಳವಾರ ಗುಳ್ಳೆ ಕಂಡಿತೆಂದರೆ, ಮಗು ಅದಕ್ಕೂ ಒಂದೆರಡು ದಿನ ಮುಂಚಿನಿಂದಲೇ ಸೋಂಕು ಹರಡುತ್ತಿತ್ತು. ಸೋಮವಾರ ಜೊತೆಗೆ ಆಡಿದ ಮಕ್ಕಳಲ್ಲಿ ರೋಗ ಕಾಣಿಸಿಕೊಳ್ಳುವುದು 10ರಿಂದ 21 ದಿನಗಳ ನಂತರ. ಆದ್ದರಿಂದ ಸಂದೇಶದಲ್ಲಿ ರೋಗದ ಹೆಸರು, ಗುಳ್ಳೆ ಎದ್ದ ದಿನ ಮತ್ತು ಮಗು ಕೊನೆಯದಾಗಿ ಬಂದ ದಿನ ಇರಲೇಬೇಕು. ಕೇಂದ್ರದಲ್ಲಿ ಗರ್ಭಿಣಿ ಶಿಕ್ಷಕಿಯಿದ್ದು, ಆಕೆಗೆ ಹಿಂದೆ ಈ ರೋಗ ಬಂದಿರದಿದ್ದರೆ, ರಕ್ಷಣೆಯ ಚುಚ್ಚುಮದ್ದಿಗೆ ಉಳಿದಿರುವುದು ಕೆಲವೇ ದಿನ. ಈ ದೇಶದ ಉಚಿತ ಲಸಿಕೆ 15 ತಿಂಗಳಿಗೆ ಸಿಗುತ್ತದೆ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಆ ಆಸರೆಯಿಲ್ಲ. ಭಾರತದ ಸರ್ಕಾರಿ ಪಟ್ಟಿಯಲ್ಲಿ ಈ ಲಸಿಕೆ ಇಲ್ಲದ್ದರಿಂದ ಅಲ್ಲಿಂದ ಈಚೆಗೆ ಬಂದ ಮಕ್ಕಳಿಗೂ ಅದು ಸಿಕ್ಕಿರದೆ ಇರಬಹುದು.

ಇಷ್ಟು ಗೊತ್ತಿದ್ದೂ ಹೆತ್ತವರು ಮುಚ್ಚಿಡುವುದೇಕೆ? ಅವರನ್ನು ಬೇಜವಾಬ್ದಾರರೆಂದು ಬೈಯುವುದು ಸುಲಭ. ಲೆಕ್ಕ ಹಾಕುವುದು ಅದಕ್ಕಿಂತ ಉಪಯುಕ್ತ. ಗುಳ್ಳೆಗಳೆಲ್ಲ ಒಣಗಿ ಹಕ್ಕುಗಟ್ಟುವವರೆಗೆ, ಅಂದರೆ ಸುಮಾರು ಒಂದು ವಾರ, ಮಗು ಮನೆಯಲ್ಲಿರಬೇಕು. ಐದು ಕೆಲಸದ ದಿನಗಳು ಹೋದವು. ಎರಡು ವಾರ ಕಳೆದ ಮೇಲೆ ತಮ್ಮನಿಗೋ ತಂಗಿಗೋ ಅದೇ ಗುಳ್ಳೆ, ಇನ್ನೈದು ದಿನ. 2021ರ ಜುಲೈಯಲ್ಲಿ ಐದರಿಂದ ಹತ್ತಕ್ಕೇರಿದ ವರ್ಷದ ಅನಾರೋಗ್ಯ ರಜೆ ಅಲ್ಲಿಗೆ ಖಾಲಿ. ಕೆಲಸಕ್ಕೆ ಸೇರಿ ಆರು ತಿಂಗಳಾಗದ ಹೊಸ ವಲಸಿಗರಿಗೆ ಕಾಯಿದೆಯ ಪ್ರಕಾರ ಆ ಹತ್ತು ದಿನಗಳೂ ಇಲ್ಲ. ಅಜ್ಜಿ ಇರುವುದು ಹಾಸನದಲ್ಲಿ. ಮೇಲಾಗಿ ಹಲವು ಕೇಂದ್ರಗಳು ಬಾರದ ದಿನಗಳಿಗೂ ಶುಲ್ಕ ಕೇಳುತ್ತವೆ, ಮಗುವಿನ ಸತತ ಗೈರುಹಾಜರಿಗೆ ಮೂರು ವಾರದವರೆಗೆ ಸರ್ಕಾರದ ಅನುದಾನ ನಿಲ್ಲದಿದ್ದರೂ. ಕೇಂದ್ರದ ಆದಾಯಕ್ಕಿರುವ ಈ ರಕ್ಷಣೆ ತಾಯಿಯ ಸಂಬಳಕ್ಕಿಲ್ಲ.

ಹೀಗಾಗಿ ಎರಡೇ ಗುಳ್ಳೆ ಎದ್ದಾಗ 'ಸೊಳ್ಳೆ ಕಚ್ಚಿರಬೇಕು' ಎಂಬ ಮಾತು ಹುಟ್ಟುತ್ತದೆ. ಲಸಿಕೆ ಪಡೆದ ಮಕ್ಕಳಲ್ಲಿ ರೋಗ ಬಂದರೂ ಗುಳ್ಳೆ ಕೆಲವೇ ಏಳುವುದರಿಂದ ಆ ಮಾತನ್ನು ನಂಬುವುದೂ ಕಷ್ಟವಲ್ಲ. ಕೇಂದ್ರಗಳು ಗೋಡೆಗೆ ಅಂಟಿಸುವ ರೋಗಗಳ ಪಟ್ಟಿಯಿಂದ ಇದು ಬದಲಾಗದು. ಅನಾರೋಗ್ಯ ರಜೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಸಿಗಬೇಕು. ಸೋಂಕಿನ ಕಾರಣಕ್ಕೆ ಮನೆಯಲ್ಲಿರಬೇಕೆಂದು ಕೇಂದ್ರವೇ ಹೇಳಿದ ದಿನಗಳಿಗೆ ಶುಲ್ಕ ಇರಬಾರದು. ಆಕ್ಲೆಂಡಿನ ಕನ್ನಡಿಗರು ರಾಜ್ಯೋತ್ಸವಕ್ಕೆ ಶಾಸಕರನ್ನು ಕರೆದು ಶಾಲು ಹೊದಿಸುವಾಗ ಈ ಎರಡು ಬೇಡಿಕೆಗಳನ್ನೂ ಅವರ ಕೈಗೆ ಕೊಡಬಹುದು.