“ಗಾಡಿ ಬಿಟ್ಟೈತ್ರಿ ಸರ್”

ಭಿವಂಡಿಯ ನಮ್ಮ ಗೋದಾಮಿನಲ್ಲಿ ಲಾರಿ ಹಿಂಬದಿ ಹಚ್ಚಿ ಮಾಲು ಇಳಿಸುವ ಡಾಕ್‌ಗಳು ನಾಲ್ಕೇ ಇವೆ. ಕೆಲವು ತಿಂಗಳ ಹಿಂದೆ ಒಂದು ಮಂಗಳವಾರ ಆ ನಾಲ್ಕೂ ತುಂಬಿದ್ದಾಗ ಬೆಳಗಾವಿ ಕಡೆಯಿಂದ 32 ಅಡಿಯ ಕಂಟೇನರ್ ಒಂದು ಗೇಟಿಗೆ ಬಂದು ನಿಂತಿತು. ಅದು ಬರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ದಿನವೇ ಸಪ್ಲಾಯರ್ ಕಡೆಯ ಡಿಸ್ಪ್ಯಾಚ್ ಹುಡುಗ ಫೋನಿನಲ್ಲಿ “ಗಾಡಿ ಬಿಟ್ಟೈತ್ರಿ ಸರ್” ಅಂದಿದ್ದ. ದಿನವಿಡೀ ಹಿಂದಿ, ಮರಾಠಿ ಕೇಳುವ ಕಿವಿಗೆ ಆ ಕನ್ನಡ ಬಿದ್ದದ್ದೇ ಹಿತವಾಗಿ, “ಆಯ್ತಪ್ಪ” ಎಂದು ಫೋನ್ ಇಟ್ಟುಬಿಟ್ಟಿದ್ದೆ.

ಮಧ್ಯಾಹ್ನ ಮೂರಕ್ಕೆ ಒಂದು ಡಾಕ್ ಖಾಲಿಯಾಯಿತು. ಹಿಂದಿನ ಸಲ ಮಾಲು ಪ್ಯಾಲೆಟ್ ಮೇಲೆ ಬಂದಿತ್ತು, ಹಾಗಾಗಿ ಒಂದು ಫೋರ್ಕ್‌ಲಿಫ್ಟ್ ಮತ್ತು ಇಬ್ಬರು ಹಮಾಲರನ್ನಷ್ಟೇ ಇಟ್ಟುಕೊಂಡಿದ್ದೆ. ಬಾಗಿಲು ತೆಗೆದರೆ ನೆಲದಿಂದ ಸೂರಿನ ತನಕ ಬಿಡಿ ಬಾಕ್ಸ್‌ಗಳು, ಒಟ್ಟು 1,080. ಫೋರ್ಕ್‌ಲಿಫ್ಟ್‌ಗೆ ಅಲ್ಲಿ ಕೆಲಸವೇ ಇರಲಿಲ್ಲ. ಬಿಡಿ ಬಾಕ್ಸ್ ಇಳಿಸಿ, ಬ್ಯಾಚ್ ನೋಡಿ, ಪ್ಯಾಲೆಟ್ ಮೇಲೆ ಜೋಡಿಸುವುದೆಂದರೆ ನಮ್ಮಲ್ಲಿ ಆರು ಜನ ಸೇರಿ ಗಂಟೆಗೆ ಸುಮಾರು 300 ಆಗುತ್ತದೆ. ಆರು ಜನ ಇದ್ದಿದ್ದರೆ ನಾಲ್ಕು ಗಂಟೆಯೊಳಗೆ ಮುಗಿಯುತ್ತಿತ್ತು. ಇಬ್ಬರಿಂದ ಹತ್ತು ಗಂಟೆ ದಾಟುವ ಕೆಲಸ. ಸಂಜೆ ಹೆಚ್ಚುವರಿ ಟೋಳಿ ಸಿಗಲಿಲ್ಲ. ಗಾಡಿ ಖಾಲಿಯಾದದ್ದು ಮರುದಿನ. ರಾತ್ರಿ ಡ್ರೈವರ್ ಚಕ್ರದ ಪಕ್ಕ ಸ್ಟವ್ ಹಚ್ಚಿ ಅನ್ನ ಬೇಯಿಸಿಕೊಳ್ಳುತ್ತಿದ್ದ. ಅತ್ತ ಹಾಲ್ಟಿಂಗ್ ಯಾರು ಕೊಡಬೇಕೆಂದು ಮೂರು ಕಡೆಯಿಂದ ಜಗಳ.

ಸಪ್ಲಾಯರ್ ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: “ಇ-ವೇ ಬಿಲ್ ಕಳಿಸಿದ್ವಲ್ರಿ?” ಕಳಿಸಿದ್ದರು, ನಿಜ. ಆದರೆ ಅದು ತೆರಿಗೆಯ ಕಾಗದ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅದರ ಅವಧಿ. ಸುಮಾರು 500 ಕಿ.ಮೀ. ದಾರಿಗೆ ಮೂರು ದಿನ. ಮೂರು ದಿನದೊಳಗೆ ಯಾವಾಗಲಾದರೂ ಬರಬಹುದೆನ್ನುವ ಕಾಗದ ಹಿಡಿದು ನಾನು ಯಾವ ಡಾಕ್ ಕಾದಿರಿಸಲಿ? ಮಾಲಿನ ಬೆಲೆ, ಗಾಡಿ ನಂಬರ್ ಅದರಲ್ಲಿವೆ. ಪ್ಯಾಲೆಟ್ ಮೇಲಿದೆಯೋ ಬಿಡಿಯಾಗಿದೆಯೋ ಎಂಬುದು ಇಲ್ಲ. ಆಳು ಎಷ್ಟು ಬೇಕು ಎನ್ನುವುದು ನಿಂತಿರುವುದೇ ಅದರ ಮೇಲೆ.

ನಮಗೆ ಬೇಕಿದ್ದದ್ದು ಅಡ್ವಾನ್ಸ್ ಶಿಪ್ಪಿಂಗ್ ನೋಟೀಸ್, ಎಲ್ಲರ ಬಾಯಲ್ಲಿ ಎಎಸ್‌ಎನ್. ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ, ಹುಡುಗನಿಗೆ ಕನ್ನಡದಲ್ಲಿ ವಾಟ್ಸಾಪ್ ಮಾಡಿದೆ: “ಗಾಡಿ ಹೊರಟ ಮೇಲೆ ಒಂದು ಗಂಟೆಯೊಳಗೆ ಇಷ್ಟು ಕಳಿಸಪ್ಪ. ಪಿಒ ನಂಬರ್, ಇನ್‌ವಾಯ್ಸ್ ನಂಬರ್, ಯಾವ ಐಟಂ ಎಷ್ಟು ಬಾಕ್ಸ್, ಬ್ಯಾಚ್, ಪ್ಯಾಲೆಟ್ಟೋ ಬಿಡಿಯೋ, ಗಾಡಿ ನಂಬರ್, ಡ್ರೈವರ್ ಮೊಬೈಲ್, ಹೊರಟ ಹೊತ್ತು.” ತಲುಪುವ ಹೊತ್ತು ಕೇಳಲಿಲ್ಲ. ಕೂತಲ್ಲಿಂದ ಅವನು ಅದನ್ನು ಊಹಿಸಬೇಕು ಅಷ್ಟೆ. ಹೊರಟ ಹೊತ್ತು ಕೊಟ್ಟರೆ, ಪುಣೆ ದಾಟಿದಾಗ ಡ್ರೈವರ್‌ಗೆ ಒಂದು ಫೋನ್ ಮಾಡಿ, ಠಾಣೆ ಕಡೆ ಭಾರಿ ವಾಹನಗಳಿಗಿರುವ ಹೊತ್ತಿನ ನಿರ್ಬಂಧ ಸೇರಿಸಿ ನಾನೇ ಲೆಕ್ಕ ಹಾಕಿಕೊಳ್ಳುತ್ತೇನೆ.

ಮುಂದಿನ ಲೋಡಿಗೆ ಎಎಸ್‌ಎನ್ ಬಂತು, ಸಂಜೆ ಐದಕ್ಕೆ, ಅಚ್ಚುಕಟ್ಟಾಗಿ. 1,080 ಬಾಕ್ಸ್, ಬಿಡಿ. ಆರು ಜನರನ್ನು ನಿಲ್ಲಿಸಿದೆ, ಇಳಿಸಿದೆವು. ಎಣಿಸಿದರೆ 1,020! ಎರಡನೇ ಸಲ ಎಣಿಸಿದೆವು, ಒಂದೂವರೆ ಗಂಟೆ ಹೋಯಿತು, ಡ್ರೈವರ್ ಮೇಲೆ ಅನುಮಾನ ಬಂತು. ಕೊನೆಗೆ ಹುಡುಗ ಒಪ್ಪಿಕೊಂಡ. ಇನ್‌ವಾಯ್ಸ್ ಹೊಡೆದ ಕೂಡಲೇ ಎಎಸ್‌ಎನ್ ಕಳಿಸಿದ್ದಾನೆ. ಲೋಡಿಂಗ್ ಮುಗಿದದ್ದು ರಾತ್ರಿ ಹತ್ತಕ್ಕೆ. ಜಾಗ ಸಾಲದೆ 60 ಬಾಕ್ಸ್ ಅಲ್ಲೇ ಉಳಿದಿವೆ. ಬೈಯಬೇಕೆನಿಸಿತು, ಬೈಯಲಿಲ್ಲ. ಸಂಜೆ ಆರಕ್ಕೆ ಅವನ ಆಫೀಸ್ ಮುಚ್ಚುತ್ತದೆ, ಹತ್ತರ ತನಕ ಅಲ್ಲಿರುವವನು ವಾಚ್‌ಮನ್.

ಹಾಗಾಗಿ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆ: ಸೀಲ್ ನಂಬರ್. ಸೀಲ್ ಬೀಳುವುದು ಬಾಗಿಲು ಮುಚ್ಚಿದ ಮೇಲೇ, ಆದ್ದರಿಂದ ಆ ಸಾಲು ಖಾಲಿ ಇರುವ ಎಎಸ್‌ಎನ್ ಬಂದರೆ ಲೋಡಿಂಗ್ ಇನ್ನೂ ಮುಗಿದಿಲ್ಲವೆಂದು ನಾನು ಆಳು ಕರೆಸುವುದಿಲ್ಲ. ಸೀಲಿನ ಫೋಟೊ ಮತ್ತು ಲೋಡ್ ಆದ ಬಾಕ್ಸ್‌ಗಳ ಲೆಕ್ಕವನ್ನು ಈಗ ಅಲ್ಲಿಯ ವಾಚ್‌ಮನ್ನೇ ಹುಡುಗನಿಗೆ ಕಳಿಸುತ್ತಾನೆ, ಹುಡುಗ ಮನೆಯಿಂದಲೇ ಅದನ್ನು ತುಂಬಿ ನನಗೆ ಕಳಿಸುತ್ತಾನೆ. ಹೋದ ಗುರುವಾರ ರಾತ್ರಿ 10:40ಕ್ಕೆ ಬಂತು: 960 ಬಾಕ್ಸ್, ಬಿಡಿ, ಸೀಲ್ ನಂಬರ್ ಇದೆ. ಮುಕಾದಮರಿಗೆ ಆಗಲೇ ಮೆಸೇಜ್ ಹಾಕಿದೆ, ಮಧ್ಯಾಹ್ನ ಎರಡಕ್ಕೆ ಆರು ಜನ, ಮೂರನೇ ಡಾಕ್. ಗಾಡಿ ಬಂದದ್ದು ಎರಡೂಕಾಲಿಗೆ. ಸಂಜೆ ಆರರೊಳಗೆ ಡ್ರೈವರ್ ಸಹಿ ಮಾಡಿದ ಪಿಒಡಿ ಜೇಬಿಗಿಟ್ಟುಕೊಂಡು ಹೊರಟಿದ್ದ, ಸ್ಟವ್ ಕೆಳಗಿಳಿಸದೆ.