ಅಜ್ಜಿಯ ಗಲ್ಲದ ಮಚ್ಚೆ

ತೀರಿಕೊಂಡ ಅಜ್ಜಿಯ ಹಳೆಯ ಭಾವಚಿತ್ರವೊಂದನ್ನು ದೊಡ್ಡದು ಮಾಡಿಸಲೆಂದು ಮೊಮ್ಮಗನೊಬ್ಬನು ಅದನ್ನು ಗಣಕಯಂತ್ರಕ್ಕೆ ಏರಿಸಿಕೊಂಡನು. ಮುಖದ ಮೇಲೆ ಒಂದು ಬಿಳಿಯ ಚುಕ್ಕೆ, ಎರಡು ಕಪ್ಪು ಚುಕ್ಕೆ, ಕೆನ್ನೆಯ ತುಂಬ ಸಿಡುಬಿನ ಕಲೆ. ಯಾವುದನ್ನು ಅಳಿಸಬೇಕು?

ಬಿಳಿಯ ಚುಕ್ಕೆಯ ವಿಷಯದಲ್ಲಿ ಸಂಶಯವಿಲ್ಲ. ನೆಗೆಟಿವಿನ ಮೇಲೆ ಕುಳಿತ ಧೂಳು ಬೆಳಕನ್ನು ತಡೆದು ಪಟದಲ್ಲಿ ಬಿಳಿಯಾಗಿ ಮೂಡುತ್ತದೆ, ಅದನ್ನು ತೆಗೆಯಬಹುದು. ಕಪ್ಪು ಚುಕ್ಕೆಯೇ ಮೋಸಗಾರ. ಅದು ಮಚ್ಚೆಯೂ ಇರಬಹುದು, ನೆಗೆಟಿವಿನಲ್ಲಿದ್ದ ಸೂಜಿಮೊನೆಯಂಥ ರಂಧ್ರವೂ ಇರಬಹುದು. ಅಜ್ಜಿಯ ಬೇರೆ ಎರಡು ಪಟಗಳನ್ನು ಪಕ್ಕಕ್ಕಿಟ್ಟು ನೋಡಲು, ಗಲ್ಲದ ಚುಕ್ಕೆ ಮೂರರಲ್ಲಿಯೂ ಇತ್ತು, ಹಣೆಯದು ಇರಲಿಲ್ಲ. ಆದರೆ ಒಂದು ಪಟದಲ್ಲಿ ಮಚ್ಚೆ ಬಲಗಡೆಗೆ ಹೋಗಿತ್ತು! ಸೆರಗೂ ಬಲಭುಜದ ಮೇಲಿದ್ದುದರಿಂದ, ನೆಗೆಟಿವನ್ನು ಮಗುಚಿ ಮುದ್ರಿಸಿದ್ದರೆಂಬುದು ತಿಳಿಯಿತು. ಹಣೆಯ ಚುಕ್ಕೆ ಹೋಯಿತು, ಗಲ್ಲದ್ದು ಉಳಿಯಿತು.

ಸಿಡುಬಿನ ಕಲೆಗಳನ್ನು ಪೂರ್ತಿ ಒರೆಸಿದಾಗ ಮುಖ ಮೇಣದ ಗೊಂಬೆಯಂತಾಯಿತು. "ಇದು ಯಾರೋ, ನಮ್ಮ ಅಮ್ಮನಲ್ಲ" ಎಂದರು ಅವನ ತಾಯಿ. ಪಕ್ಕದಿಂದ ಬಿದ್ದ ಬೆಳಕು ಆ ಕುಳಿಗಳ ನೆರಳನ್ನು ಇದ್ದುದಕ್ಕಿಂತ ಆಳವಾಗಿ ತೋರಿಸಿತ್ತೆಂಬುದೂ ನಿಜವೇ. ಅದೃಷ್ಟಕ್ಕೆ ಅವನು ತಿದ್ದಿದ್ದು ಮೂಲಪಟದ ಮೇಲಲ್ಲ, ಬೇರೊಂದು ಪದರದ ಮೇಲೆ. ಆ ಪದರದ ಗಾಢತೆಯನ್ನು ಅರ್ಧಕ್ಕಿಳಿಸಿದಾಗ ನೆರಳು ತಗ್ಗಿತು, ಕಲೆ ಉಳಿಯಿತು. ತಾಯಿ ಕನ್ನಡಕ ಹಾಕಿಕೊಂಡು ನೋಡಿ, "ಇನ್ನು ಕೈಹಚ್ಚಬೇಡ" ಎಂದರು.

ಬದುಕಿರುವ ನಂಟರ ಪಟವಾದರೆ ಇಷ್ಟು ಪತ್ತೇದಾರಿಕೆ ಬೇಡ, ಅವರನ್ನೇ ಕೇಳಿದರಾಯಿತು.